ನಿಲ್ಲಿಸಿದ ಕಾರಿನ ಬ್ಯಾಟರಿ ನಾಲ್ಕು ದಿನದಲ್ಲಿ ಖಾಲಿಯಾಗುತ್ತದೆ, ಆದರೆ ಮೀಟರ್ 0.02 ಎಂದಷ್ಟೇ ತೋರಿಸುತ್ತದೆ

ನೀರ್ಚಾಲಿನವನು (ಸೋಮವಾರ, ರಾತ್ರಿ 9.10)

ನನ್ನ ಕೆಲಸ ಕಣ್ಣೂರಿನಲ್ಲಿ. ಸೋಮವಾರ ಬೆಳಿಗ್ಗೆ ಆರೂವರೆಗೆ ಕಾಸರಗೋಡು ರೈಲು ನಿಲ್ದಾಣದ ಬಳಿ ಕಾರು ನಿಲ್ಲಿಸಿ ಹೋದರೆ ಮರಳುವುದು ಶುಕ್ರವಾರ ರಾತ್ರಿ. ಕಾರು ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬ್ಯಾಟರಿ 35 ಆ್ಯಂಪ್ ಅವರ್. ನಾಲ್ಕು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ಒಂಬತ್ತು ಇಂಚಿನ ಆ್ಯಂಡ್ರಾಯ್ಡ್ ಸ್ಟೀರಿಯೊ ಮತ್ತು ಅದರ ಯುಎಸ್‌ಬಿ ವೈರಿಗೆ ಸಿಕ್ಕಿಸುವ ಡ್ಯಾಶ್‌ಕ್ಯಾಮ್ ಹಾಕಿಸಿದೆ. ಆ ಬಳಿಕ ಐದು ಶುಕ್ರವಾರ ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಟಿಕ್ ಎಂಬ ಸದ್ದು ಮಾತ್ರ. ಎರಡು ತಿಂಗಳ ಹಿಂದೆ ಹೊಸ ಬ್ಯಾಟರಿ ಹಾಕಿದ ಮೇಲೂ ಇದೇ ಕಥೆ.

ನಿನ್ನೆ ನಾನೇ ಒಂದು ಮೀಟರ್ ತಂದು ಪರೀಕ್ಷಿಸಿದೆ. ನೆಗೆಟಿವ್ ಟರ್ಮಿನಲ್ ಕಳಚಿ, ಕೆಂಪು ಕಡ್ಡಿಯನ್ನು "10A" ಎಂದು ಬರೆದ ತೂತಿಗೆ ಹಾಕಿ, ಮೀಟರನ್ನು ಟರ್ಮಿನಲ್ ಮತ್ತು ಕೇಬಲಿನ ನಡುವೆ ಜೋಡಿಸಿದೆ. ಮೊದಲು 0.6ರಷ್ಟು ತೋರಿಸಿ, ಇಪ್ಪತ್ತು ನಿಮಿಷದಲ್ಲಿ 0.02ಕ್ಕೆ ಇಳಿದು ಅಲ್ಲಿಯೇ ನಿಂತಿತು. 20 ಮಿಲಿ ಆ್ಯಂಪ್ ಎಂದರೆ ದಿನಕ್ಕೆ ಅರ್ಧ ಆ್ಯಂಪ್ ಅವರ್ ಕೂಡ ಇಲ್ಲ. ಹಾಗಾದರೆ ಬ್ಯಾಟರಿಯನ್ನು ತಿನ್ನುತ್ತಿರುವುದು ಯಾವುದು?

ಅಡಿಕೆ ತೋಟ, ಪೆರ್ಲ (ರಾತ್ರಿ 9.34)

ನಿಂತ ಕಾರು 50 ಮಿಲಿ ಆ್ಯಂಪ್‌ವರೆಗೆ ಎಳೆದರೂ ಅದು ದೋಷವಲ್ಲ. ನಿಮ್ಮ ಕಾರು ಅದಕ್ಕಿಂತ ಎಷ್ಟೋ ಕೆಳಗಿದೆ. ಆದ್ದರಿಂದ ವೈರಿಂಗ್ ಸರಿಯಿದೆ, ಬ್ಯಾಟರಿಯೇ ಕೆಟ್ಟಿದೆ ಎಂದು ತಿಳಿಯಬೇಕು. ಹೊಸದಾದರೂ ಒಂದು ಸೆಲ್ ಹೋಗಿರಬಹುದು. ವಾರಂಟಿಯಲ್ಲಿ ಬದಲಿಸಿಕೊಳ್ಳಿ. ಅಲ್ಲಿಯವರೆಗೆ ನಿಲ್ದಾಣದಲ್ಲಿ ನೆಗೆಟಿವ್ ಟರ್ಮಿನಲ್ ಕಳಚಿ ಹೋದರಾಯಿತು, ಹತ್ತರ ಸ್ಪಾನರ್ ಒಂದಿದ್ದರೆ ಸಾಕು.

ತಾಳವಾಡಿ ಗಡಿ (ರಾತ್ರಿ 10.02)

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಎಷ್ಟು ವೋಲ್ಟ್ ಇದೆ ಎಂಬುದನ್ನು ನೀವು ಬರೆದಿಲ್ಲ. 13.8ರಿಂದ 14.4ರೊಳಗೆ ಇರದಿದ್ದರೆ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ ಎಂದರ್ಥ. ನಮ್ಮ ಪಿಕಪ್ಪಿನಲ್ಲಿ ಬೆಲ್ಟ್ ಜಾರಿ ಹೀಗೆಯೇ ಆಗಿತ್ತು. ದಾರಿಯಲ್ಲಿ ಮೊಬೈಲ್ ಚಾರ್ಜ್‌ಗೆ ಹಾಕುವುದನ್ನೂ ಸ್ವಲ್ಪ ಕಡಿಮೆ ಮಾಡಿ.

ನೀರ್ಚಾಲಿನವನು (ರಾತ್ರಿ 10.15)

ಅಣ್ಣ, ಓಡುವಾಗ 14.2 ಇದೆ. ಸೋಮವಾರ ಕಾರು ನಿಲ್ಲಿಸುವಾಗ ಬ್ಯಾಟರಿ ತುಂಬಿಯೇ ಇರುತ್ತದೆ. ತೊಂದರೆ ನಿಂತ ಮೇಲಿನದು. ಟರ್ಮಿನಲ್ ಕಳಚಿ ಹೋಗುವ ಉಪಾಯ ನನಗೂ ಹೊಳೆದಿತ್ತು, ಆದರೆ ಆಗ ರಿಮೋಟ್ ಲಾಕ್ ಕೆಲಸ ಮಾಡುವುದಿಲ್ಲ. ಸಾಧ್ಯವಾದರೆ ಮೂಲವನ್ನೇ ಹುಡುಕಬೇಕು ಎಂಬುದು ನನ್ನ ಆಸೆ.

ವೈರಿಂಗ್ ಕೆಲಸದವನು, ಬದಿಯಡ್ಕ (ಮಂಗಳವಾರ, ಬೆಳಿಗ್ಗೆ 6.50)

ನೀವು ಅಳೆದದ್ದು ತಪ್ಪಲ್ಲ, ಆದರೆ ಶುಕ್ರವಾರ ಸ್ಟಾರ್ಟ್ ಆಗದೆ ನಿಲ್ಲುವ ಆ ಕಾರನ್ನು ನೀವು ಅಳೆದಿಲ್ಲ. ಟರ್ಮಿನಲ್ ಕಳಚಿದ ಕ್ಷಣದಲ್ಲಿ ಸ್ಟೀರಿಯೊಗೆ ಕರೆಂಟ್ ಪೂರ್ತಿ ತಪ್ಪಿತು. ಮೀಟರ್ ಮೂಲಕ ಮತ್ತೆ ಕರೆಂಟ್ ಬಂದಾಗ ಕೀ ಆಫ್ ಆಗಿತ್ತು. ಬ್ಯಾಟರಿಯಿಂದ ನೇರ ಬರುವ ಹಳದಿ ವೈರಿನಲ್ಲಿ ಕರೆಂಟ್ ಇದ್ದು, ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಕೆಂಪು ವೈರಿನಲ್ಲಿ ಇಲ್ಲದಿದ್ದರೆ ಆ್ಯಂಡ್ರಾಯ್ಡ್ ಸ್ಟೀರಿಯೊ ಬೂಟ್ ಆಗುವುದೇ ಇಲ್ಲ, ಸುಮ್ಮನೆ ಮಲಗಿರುತ್ತದೆ. ಆದರೆ ನೀವು ಮುಕ್ಕಾಲು ಗಂಟೆ ಓಡಿಸಿ ಕೀ ತೆಗೆದಾಗ ಅದು ಹಾಗೆ ಆಫ್ ಆಗುವುದಿಲ್ಲ. ಮುಂದಿನ ಸಲ ಬೇಗ ತೆರೆದುಕೊಳ್ಳಲೆಂದು ಪರದೆ ಮಾತ್ರ ಆರಿಸಿ, ಒಳಗೆ ಅರೆ ಎಚ್ಚರದಲ್ಲಿರುತ್ತದೆ. ಈ ಎರಡು ಸ್ಥಿತಿಗಳ ನಡುವೆ ಹತ್ತು ಪಟ್ಟು ವ್ಯತ್ಯಾಸ ಇರಬಹುದು. ನಿಮ್ಮ ಅಳತೆಯೇ ದೋಷವನ್ನು ಅಳಿಸಿಹಾಕಿದೆ ಎಂಬುದು ನನ್ನ ಅನುಮಾನ. ನನ್ನ ಹತ್ತಿರ ಬರುವ ಇಂಥ ಕಾರುಗಳಲ್ಲಿ ಹೆಚ್ಚಿನವು ಎಲ್ಲಿಯೋ ಒಂದು ಕಡೆ "ಮೀಟರ್ ಇಟ್ಟು ನೋಡಿದೆವು, ಏನೂ ಇಲ್ಲ" ಎನ್ನಿಸಿಕೊಂಡು ಬಂದವು.

ಕರೆಂಟ್ ಒಂದು ಕ್ಷಣವೂ ತಪ್ಪದ ಹಾಗೆ ಅಳೆಯಬೇಕು. ಎರಡೂ ತುದಿಯಲ್ಲಿ ಮೊಸಳೆ ಕ್ಲಿಪ್ ಇರುವ, ಸ್ವಲ್ಪ ದಪ್ಪದ, ಒಂದೂವರೆ ಅಡಿಯ ವೈರ್ ಮಾಡಿಕೊಳ್ಳಿ. ಕಾರನ್ನು ಅರ್ಧ ಗಂಟೆ ಓಡಿಸಿ, ಸ್ಟೀರಿಯೊ, ಕ್ಯಾಮೆರಾ ಎಲ್ಲವನ್ನೂ ಎಂದಿನಂತೆ ಬಳಸಿ ಮನೆಗೆ ಬನ್ನಿ. ಕೀ ತೆಗೆದು ಬಾನೆಟ್ ಎತ್ತಿ. ಚಾಲಕನ ಬಾಗಿಲು ತೆರೆದಿಟ್ಟು, ಅದರ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಒಳಗಿನ ದೀಪಕ್ಕೆ ಚೌಕಟ್ಟಿನಲ್ಲಿ ಒತ್ತುಗುಂಡಿ ಇದ್ದರೆ ಅದನ್ನೂ ಒತ್ತಿ ಟೇಪ್ ಹಚ್ಚಿ. ದೀಪ ಆರಬೇಕು, ಇಲ್ಲದಿದ್ದರೆ ನೀವು ಅಳೆಯುವುದು ದೀಪವನ್ನೇ. ಬಳಿಕ ರಿಮೋಟಿನಿಂದ ಲಾಕ್ ಮಾಡಿ.

ಈಗ ಕ್ಲಿಪ್ಪಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಸೀಸದ ಕಂಬವನ್ನೇ ಕಚ್ಚಬೇಕು, ಇನ್ನೊಂದು ತುದಿ ಕೇಬಲಿನ ಕ್ಲಾಂಪನ್ನು. ಆಮೇಲೆ ಸ್ಪಾನರಿನಿಂದ ಕ್ಲಾಂಪ್ ಸಡಿಲಿಸಿ ಮೇಲಕ್ಕೆತ್ತಿದರೆ ಕರೆಂಟ್ ಆ ವೈರಿನ ಮೂಲಕ ಹರಿಯುತ್ತಲೇ ಇರುತ್ತದೆ. ಅರ್ಧ ಗಂಟೆ ಕಾರನ್ನು ಮುಟ್ಟಬೇಡಿ. ಬಳಿಕ ಮೀಟರಿನ ಕಪ್ಪು ಕಡ್ಡಿಯನ್ನು ಕಂಬಕ್ಕೆ, ಕೆಂಪನ್ನು ಕ್ಲಾಂಪಿಗೆ ಭದ್ರವಾಗಿ ತಾಗಿಸಿ, ಆ ಮೇಲೆ ಮಾತ್ರ ವೈರಿನ ಕ್ಲಿಪ್ ಬಿಡಿಸಿ. ಇಡೀ ಕಾರಿನ ಕರೆಂಟ್ ಈಗ ಮೀಟರಿನ ಮೂಲಕ ಹೋಗುತ್ತದೆ. ಮೀಟರ್ ಹಾಗೆ ಇರುವಾಗ ಕೀ ಆನ್ ಮಾಡಬಾರದು, ಸೆಲ್ಫ್ ಹೊಡೆಯಲೇಬಾರದು. ಅಗ್ಗದ ಮೀಟರುಗಳ 10A ತೂತಿಗೆ ಎಷ್ಟೋ ಸಲ ಫ್ಯೂಸ್ ಇರುವುದೇ ಇಲ್ಲ, ಕಡ್ಡಿಯ ವೈರ್ ಕೈಯಲ್ಲಿಯೇ ಸುಡುತ್ತದೆ.

ಉಪ್ಪಳ ಜೀಪು (ಮಂಗಳವಾರ, ಮಧ್ಯಾಹ್ನ 1.20)

ನನ್ನದು ಬೇರೆ ವಿಷಯ, ಆದರೂ ಉಪಯೋಗವಾಗಬಹುದು ಎಂದು ಬರೆಯುತ್ತಿದ್ದೇನೆ. ನನ್ನ ಜೀಪಿನ ಸೀಟಿನ ಕೆಳಗೆ ಆ್ಯಂಪ್ಲಿಫೈಯರ್ ಇದೆ. ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್. ನಾನು ಮೀಟರನ್ನು ಮಿಲಿ ಆ್ಯಂಪ್ ತೂತಿಗೆ ಹಾಕಿ ಅಳೆದಾಗ 0.00 ಬಂತು. ಕರೆಂಟೇ ಎಳೆಯುತ್ತಿಲ್ಲ ಎಂದು ತಿಳಿದು ಒಂದು ತಿಂಗಳು ಸುಮ್ಮನಿದ್ದೆ. ಆಮೇಲೆ ತಿಳಿದದ್ದು, ಮೊದಲ ಕ್ಷಣದಲ್ಲಿಯೇ ಮೀಟರಿನ ಒಳಗಿನ ಪುಟ್ಟ ಫ್ಯೂಸ್ ಹಾರಿಹೋಗಿತ್ತು. ದೊಡ್ಡ ತೂತಿನಲ್ಲಿ ಅಳೆದಾಗ 0.90 ಬಂತು. ಸ್ಟೀರಿಯೊದಿಂದ ಆ್ಯಂಪ್ಲಿಫೈಯರನ್ನು ಎಬ್ಬಿಸುವ ನೀಲಿ ವೈರನ್ನು ಫಿಟ್ ಮಾಡಿದವರು ನೇರ ಬ್ಯಾಟರಿಯ ಹಳದಿ ವೈರಿಗೆ ಸೇರಿಸಿದ್ದರು, ಆದ್ದರಿಂದ ಅದು ಹಗಲು ರಾತ್ರಿ ಆನ್. ಬೆಳಿಗ್ಗೆ ಅದರ ಮೇಲೆ ಕೈಯಿಟ್ಟಾಗ ಬೆಚ್ಚಗಿದ್ದುದೇ ನನಗೆ ಸಿಕ್ಕ ಸುಳಿವು.

ವೈರಿಂಗ್ ಕೆಲಸದವನು, ಬದಿಯಡ್ಕ (ಮಧ್ಯಾಹ್ನ 2.05)

ಉಪ್ಪಳದವರ ಮಾತು ಬೇರೆ ವಿಷಯವೇನಲ್ಲ. ಈಗಿನ ಕಾರಿನಲ್ಲಿ 0.00 ಬಂದರೆ ಅದು ಒಳ್ಳೆಯ ಸುದ್ದಿಯಲ್ಲ. ರಿಮೋಟ್ ಲಾಕಿನ ರಿಸೀವರ್, ಎಂಜಿನ್ ಕಂಪ್ಯೂಟರಿನ ನೆನಪು, ಗಡಿಯಾರ ಎಲ್ಲ ಸೇರಿ ಒಂದಿಷ್ಟು ಎಳೆಯಲೇಬೇಕು. ಸೊನ್ನೆ ಕಂಡರೆ ಮೊದಲು ಮೀಟರನ್ನೇ ಅನುಮಾನಿಸಬೇಕು.

ಟೀಚರ್, ಮುಳ್ಳೇರಿಯ (ಮಂಗಳವಾರ, ರಾತ್ರಿ 8.40)

ಒಂದು ಸಣ್ಣ ಸಲಹೆ. ನೀರ್ಚಾಲಿನವರು ತಮ್ಮ ಡ್ಯಾಶ್‌ಕ್ಯಾಮಿನ ಮೆಮೊರಿ ಕಾರ್ಡ್ ತೆರೆದು, ಕಳೆದ ವಾರದ ಕೊನೆಯ ಫೈಲ್ ಯಾವ ಹೊತ್ತಿನದು ಎಂದು ನೋಡಿದ್ದಾರೆಯೇ? ಸೋಮವಾರ ಆರೂವರೆಗೆ ಕ್ಯಾಮೆರಾ ನಿಂತಿದ್ದರೆ ಕೊನೆಯ ಫೈಲ್ ಆ ಹೊತ್ತಿನದೇ ಆಗಿರಬೇಕು.

ನೀರ್ಚಾಲಿನವನು (ಶನಿವಾರ, ಬೆಳಿಗ್ಗೆ 11.30)

ಟೀಚರೇ, ನಿಮಗೆ ಹೇಗೆ ಧನ್ಯವಾದ ಹೇಳಲಿ ತಿಳಿಯದು. ನಿನ್ನೆ ರಾತ್ರಿ ಎಂದಿನಂತೆ ಕಾರು ಸ್ಟಾರ್ಟ್ ಆಗಲಿಲ್ಲ. ಪಕ್ಕದ ಆಟೋದವರ ಸಹಾಯದಿಂದ ಮನೆಗೆ ತಂದು, ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಮೂರು ಮೂರು ನಿಮಿಷದ ಫೈಲುಗಳು. ಕಾರ್ಡ್ ತುಂಬಿದಂತೆ ಹಳೆಯವು ಅಳಿದು, ಕೊನೆಯ ನಾಲ್ಕು ಗಂಟೆಯ ಚಿತ್ರ ಮಾತ್ರ ಉಳಿದಿದೆ. ಮನೆಗೆ ಬಂದ ದಾರಿಯದನ್ನು ಬಿಟ್ಟರೆ ಅದೆಲ್ಲ ನಿಂತ ಕಾರಿನ ಮುಂದಿನ ಗೋಡೆ, ಒಂದು ಬೀದಿ ದೀಪ, ಗಾಜಿನ ಮೇಲೆ ಇಳಿಯುವ ಮಳೆಹನಿ. ನಿಂತಾಗಿನ ಕೊನೆಯ ಫೈಲ್ ಗುರುವಾರ ಬೆಳಗಿನ ಜಾವ 3.42ರದು. ಅಂದರೆ ನಾನು ಹೋದ ಮೇಲೆ 69 ಗಂಟೆ ಕ್ಯಾಮೆರಾ ರೆಕಾರ್ಡ್ ಮಾಡುತ್ತಲೇ ಇತ್ತು. ಅದರ ಕೆಂಪು ದೀಪವನ್ನು ಕಣ್ಣಿಗೆ ಚುಚ್ಚುತ್ತದೆಂದು ಮೊದಲ ವಾರವೇ ಸೆಟ್ಟಿಂಗಿನಲ್ಲಿ ಆರಿಸಿದ್ದೆ, ಹಾಗಾಗಿ ನನ್ನ ಗಮನಕ್ಕೆ ಬರಲೇ ಇಲ್ಲ.

ಬ್ಯಾಟರಿಯನ್ನು ಚಾರ್ಜರಿಗೆ ಹಾಕಿದ್ದೇನೆ. ನಾಳೆ ಬದಿಯಡ್ಕದ ಭಟ್ರಣ್ಣ ಹೇಳಿದಂತೆ ಅಳೆಯುತ್ತೇನೆ.

ಅಡಿಕೆ ತೋಟ, ಪೆರ್ಲ (ಮಧ್ಯಾಹ್ನ 12.15)

ಹಾಗಾದರೆ ತಪ್ಪು ಕ್ಯಾಮೆರಾದ್ದು ಎಂದು ತೀರ್ಮಾನವಾಯಿತಲ್ಲ. ವೈರ್ ಕಿತ್ತು ಬಿಡಿ, ಮೀಟರಿನ ಅಗತ್ಯವೇ ಇಲ್ಲ.

ವೈರಿಂಗ್ ಕೆಲಸದವನು, ಬದಿಯಡ್ಕ (ಮಧ್ಯಾಹ್ನ 12.50)

ಅಷ್ಟಕ್ಕೇ ನಿಲ್ಲಿಸಬೇಡಿ. ಆ ಕ್ಯಾಮೆರಾಕ್ಕೆ ಕರೆಂಟ್ ಬರುವುದು ಸ್ಟೀರಿಯೊದ ಯುಎಸ್‌ಬಿಯಿಂದ. ಯುಎಸ್‌ಬಿಯಲ್ಲಿ 69 ಗಂಟೆ ಕರೆಂಟ್ ಇತ್ತು ಎಂದರೆ ಅಷ್ಟು ಹೊತ್ತು ಸ್ಟೀರಿಯೊ ಕೂಡ ಎಚ್ಚರವಾಗಿತ್ತು ಎಂದಾಯಿತು. ಕ್ಯಾಮೆರಾ ಕಿತ್ತರೆ ಅರ್ಧ ಪಾಲು ಮಾತ್ರ ಕಡಿಮೆಯಾದೀತು. ಎಷ್ಟು ಯಾರ ಪಾಲು ಎಂಬುದನ್ನು ಮೀಟರೇ ಹೇಳಬೇಕು.

ನೀರ್ಚಾಲಿನವನು (ಭಾನುವಾರ, ಸಂಜೆ 5.45)

ಮೊದಲ ಪ್ರಯತ್ನ ವಿಫಲವಾಯಿತು. ಚಿಕ್ಕ ಕಾರಿನ ಬ್ಯಾಟರಿಯ ಕಂಬ ತೀರ ಗಿಡ್ಡ. ಕ್ಲಾಂಪ್ ಎತ್ತುವಾಗ ಕ್ಲಿಪ್ಪಿನ ಹಲ್ಲು ಜಾರಿ ಒಂದು ಕಿಡಿ ಹಾರಿತು. ಆ ಅರೆಕ್ಷಣ ಸಾಕಾಯಿತು, ಅರ್ಧ ಗಂಟೆ ಕಾದ ಮೇಲೆ ಮೀಟರಿನಲ್ಲಿ ಮತ್ತೆ ಅದೇ 0.02. ಭಟ್ರಣ್ಣ ಹೇಳಿದ್ದು ನಿಜವೆಂದು ನನಗೆ ಖಚಿತವಾದದ್ದು ಆಗಲೇ.

ಕಾರನ್ನು ಬೇಳದವರೆಗೆ ಓಡಿಸಿ ತಂದು ಎರಡನೆಯ ಸಲ ಮಾಡಿದೆ. ಈ ಸಲ ಭಾವ ಕ್ಲಿಪ್ಪನ್ನು ಇಕ್ಕಳದಿಂದ ಒತ್ತಿ ಹಿಡಿದರು, ನಾನು ಕ್ಲಾಂಪ್ ಎತ್ತಿದೆ. ಅರ್ಧ ಗಂಟೆಯ ನಂತರ ಮೀಟರ್ 0.31 ತೋರಿಸಿತು. ಇನ್ನೂ ಅರ್ಧ ಗಂಟೆ ಕಾದರೂ ಅದೇ 0.31. 69 ಗಂಟೆಗೆ ಲೆಕ್ಕ ಹಾಕಿದರೆ 21 ಆ್ಯಂಪ್ ಅವರ್ ಆಗುತ್ತದೆ. ಹಲವು ಸಲ ಬರಿದಾಗಿ ಬಲ ಕಳೆದುಕೊಂಡ 35ರ ಬ್ಯಾಟರಿಗೆ ಅಷ್ಟು ಸಾಕಲ್ಲವೇ?

ಮೀಟರ್ ಹಾಗೆಯೇ ಇದ್ದಾಗ, ತೆರೆದಿಟ್ಟ ಬಾಗಿಲಿನಿಂದ ಕೈ ಹಾಕಿ ಕ್ಯಾಮೆರಾದ ಯುಎಸ್‌ಬಿ ತುದಿಯನ್ನು ಎಳೆದೆ. 0.31 ಇದ್ದದ್ದು 0.16 ಆಯಿತು. ಅಂದರೆ ಕ್ಯಾಮೆರಾದ ಪಾಲು 0.15. ಕೊನೆಗೆ ಸ್ಟೀರಿಯೊದ 15 ಆ್ಯಂಪಿನ ಫ್ಯೂಸ್ ಕಿತ್ತಾಗ 0.02ಕ್ಕೆ ಇಳಿಯಿತು. ಅದೇ ಫ್ಯೂಸನ್ನು ಮರಳಿ ಹಾಕಿ ಹತ್ತು ನಿಮಿಷ ಕಾದೆ, 0.02 ಹಾಗೆಯೇ ಉಳಿಯಿತು!

ವೈರಿಂಗ್ ಕೆಲಸದವನು, ಬದಿಯಡ್ಕ (ಸಂಜೆ 6.30)

ಒಳ್ಳೆಯ ಕೆಲಸ ಮಾಡಿದ್ದೀರಿ. ಫ್ಯೂಸ್ ಮರಳಿ ಹಾಕಿ ನೋಡಿದ್ದರಿಂದ ಇಡೀ ಗುಟ್ಟು ಹೊರಬಿತ್ತು. ಫ್ಯೂಸ್ ಕೀಳುವುದೂ ಟರ್ಮಿನಲ್ ಕಳಚುವುದೂ ಸ್ಟೀರಿಯೊಗೆ ಒಂದೇ. ಒಂದೊಂದೇ ಫ್ಯೂಸ್ ಕಿತ್ತು ಮರಳಿ ಹಾಕುತ್ತಾ ಹುಡುಕುವವರು ಇಲ್ಲಿಯೇ ದಾರಿ ತಪ್ಪುತ್ತಾರೆ. ಮೊದಲ ಕಿತ್ತದ್ದಕ್ಕೇ ದೋಷ ಮಾಯವಾಗಿ, ಎರಡನೆಯ ಸಲ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ಮುಂದಿನ ಸಲ ಏನನ್ನೂ ಕಳಚದೆ ನೋಡುವ ಇನ್ನೊಂದು ದಾರಿ ಇದೆ. ಬ್ಲೇಡ್ ಫ್ಯೂಸಿನ ನೆತ್ತಿಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆಗಳಿರುತ್ತವೆ. ಮೀಟರನ್ನು ಡಿಸಿ ವೋಲ್ಟಿನ 200m ಗುರುತಿಗೆ ತಿರುಗಿಸಿ, ಎರಡು ಕಡ್ಡಿಗಳನ್ನು ಆ ಚುಕ್ಕೆಗಳಿಗೆ ತಾಗಿಸಿ. ಫ್ಯೂಸಿನೊಳಗಿನ ತಂತಿಗೂ ತುಸು ತಡೆ ಇದೆ. 15 ಆ್ಯಂಪಿನ ಚಿಕ್ಕ ಬ್ಲೇಡ್ ಫ್ಯೂಸಿನಲ್ಲಿ ಅದು ಸುಮಾರು 5 ಮಿಲಿ ಓಮ್. 0.29 ಆ್ಯಂಪ್ ಹರಿಯುತ್ತಿದ್ದರೆ 1.4 ಮಿಲಿ ವೋಲ್ಟ್ ಕಾಣಬೇಕು. ಏನೂ ಹರಿಯದ ಫ್ಯೂಸಿನಲ್ಲಿ 0.0 ಕಾಣುತ್ತದೆ. ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಸೊನ್ನೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ನಿಮ್ಮಂಥ ಮೀಟರಿನಲ್ಲಿ 20 ಮಿಲಿ ಆ್ಯಂಪಿನಷ್ಟು ಸಣ್ಣ ಎಳೆತ ಈ ರೀತಿ ಗೊತ್ತಾಗುವುದಿಲ್ಲ, ಆದರೆ ಬ್ಯಾಟರಿ ಕೊಲ್ಲುವ ಎಳೆತ ಖಂಡಿತ ಸಿಗುತ್ತದೆ.

ಈಗ ಸ್ಟೀರಿಯೊದ ಸೆಟ್ಟಿಂಗಿನಲ್ಲಿ, ಕೀ ತೆಗೆದ ಎಷ್ಟು ಹೊತ್ತಿನ ಮೇಲೆ ಪೂರ್ತಿ ಆಫ್ ಆಗಬೇಕು ಎಂಬ ಆಯ್ಕೆ ಇದೆಯೇ ಹುಡುಕಿ. ಕೆಲವು ಮಾಡೆಲುಗಳಲ್ಲಿ ಅದು ಫ್ಯಾಕ್ಟರಿ ಸೆಟ್ಟಿಂಗಿನೊಳಗೆ ಅಡಗಿರುತ್ತದೆ, ಪಾಸ್‌ವರ್ಡನ್ನು ಹಾಕಿಕೊಟ್ಟವರೇ ಹೇಳಬೇಕು.

ಅಡಿಕೆ ತೋಟ, ಪೆರ್ಲ (ಸಂಜೆ 7.05)

ಬ್ಯಾಟರಿಯೇ ಕೆಟ್ಟಿದೆ ಎಂದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೂ ಇನ್ನೊಂದು ಸುಲಭ ದಾರಿ ಹೇಳುತ್ತೇನೆ. ಹಳದಿ ವೈರನ್ನು ಬ್ಯಾಟರಿಯ ಕರೆಂಟಿನಿಂದ ಬಿಡಿಸಿ ಕೆಂಪು ವೈರಿಗೇ ಸೇರಿಸಿದರೆ, ಕೀ ತೆಗೆದಾಗ ಸ್ಟೀರಿಯೊಗೆ ಯಾವ ಕರೆಂಟೂ ಬರುವುದಿಲ್ಲ. ನನ್ನ ಕಾರಿನಲ್ಲಿ ಎರಡು ವರ್ಷದಿಂದ ಹಾಗೆಯೇ ಇದೆ.

ವೈರಿಂಗ್ ಕೆಲಸದವನು, ಬದಿಯಡ್ಕ (ಸಂಜೆ 7.40)

ಅದರಿಂದ ಎಳೆತ ನಿಲ್ಲುತ್ತದೆ, ಅದು ನಿಜ. ಆದರೆ ಸ್ಟೀರಿಯೊ ದೊಡ್ಡ ಸದ್ದಿನಲ್ಲಿ ಎಳೆಯುವ ಕರೆಂಟೆಲ್ಲ ಕೀ ಸ್ವಿಚ್ಚಿನ ತೆಳು ವೈರಿನ ಮೂಲಕ ಹೋಗಬೇಕಾಗುತ್ತದೆ. ಅದೇ ಫ್ಯೂಸಿನಲ್ಲಿ ಚಾರ್ಜರ್ ಸಾಕೆಟ್ ಕೂಡ ಇದ್ದರೆ ಫ್ಯೂಸ್ ಹಾರೀತು. ಮಾಡುವುದಿದ್ದರೆ ನಡುವೆ ಒಂದು ರಿಲೇ ಹಾಕಿ, ಕೆಂಪು ವೈರಿನಿಂದ ರಿಲೇ ಎಬ್ಬಿಸಿ, ಹಳದಿ ವೈರಿನ ಕರೆಂಟನ್ನು ಅದರ ಮೂಲಕ ಕೊಡಬೇಕು. ಆಗಲೂ ಸೆಲ್ಫ್ ಹೊಡೆಯುವಾಗ ಕೆಂಪು ವೈರ್ ಒಂದು ಕ್ಷಣ ತಪ್ಪಿ ಸ್ಟೀರಿಯೊ ಮೊದಲಿನಿಂದ ಬೂಟ್ ಆಗುತ್ತದೆ, ಹಿಂಬದಿ ಕ್ಯಾಮೆರಾ ಬರಲು ಅರ್ಧ ನಿಮಿಷ ಕಾಯಬೇಕು. ಹಿಂದಕ್ಕೆ ತೆಗೆದೇ ಹೊರಡಬೇಕಾದ ಅಂಗಳದಲ್ಲಿ ಅದು ಕಿರಿಕಿರಿಯೇ.

ಟೀಚರ್, ಮುಳ್ಳೇರಿಯ (ರಾತ್ರಿ 8.20)

ಭಟ್ರೇ, ನನ್ನ ಕ್ಯಾಮೆರಾಕ್ಕೆ ಬೇರೆಯೇ ಮೂರು ವೈರಿನ ಕಿಟ್ ಇದೆ. ನಿಂತಾಗಲೂ ರೆಕಾರ್ಡ್ ಆಗಲೆಂದೇ ಹಾಕಿಸಿದ್ದು. ಬ್ಯಾಟರಿ ಇಳಿದರೆ ತಾನೇ ಆಫ್ ಆಗುತ್ತದೆ ಎಂದಿದ್ದರು. ಅದರ ಸ್ವಿಚ್ 11.6ರಲ್ಲಿದೆ. ಅದು ಸಾಕೇ?

ವೈರಿಂಗ್ ಕೆಲಸದವನು, ಬದಿಯಡ್ಕ (ರಾತ್ರಿ 8.55)

ಸಾಲದು, ಟೀಚರೇ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ತೋರಿಸುತ್ತದೆ, 12.2 ಎಂದರೆ ಅರ್ಧ ಖಾಲಿ. 11.6ಕ್ಕೆ ಬರುವಷ್ಟರಲ್ಲಿ ಸೆಲ್ಫ್ ಹೊಡೆಯಲು ಏನೂ ಉಳಿದಿರುವುದಿಲ್ಲ. ಸ್ವಿಚ್ಚಿನಲ್ಲಿ 12.2 ಅಥವಾ 12.4 ಇದ್ದರೆ ಅದಕ್ಕೆ ಬದಲಿಸಿ. ರೆಕಾರ್ಡಿಂಗ್ ಕಡಿಮೆ ಹೊತ್ತು ಬರುತ್ತದೆ, ಕಾರು ಸ್ಟಾರ್ಟ್ ಆಗುತ್ತದೆ.

ನೀರ್ಚಾಲಿನವನು (ಮುಂದಿನ ಭಾನುವಾರ, ಬೆಳಿಗ್ಗೆ 10.10)

ವರದಿ ಒಪ್ಪಿಸುತ್ತಿದ್ದೇನೆ. ಸ್ಟೀರಿಯೊ ಹಾಕಿಕೊಟ್ಟವರು ಫೋನಿನಲ್ಲಿ ಪಾಸ್‌ವರ್ಡ್ ಹೇಳಿದರು. ಒಳಗೆ ಆಫ್ ಆಗುವ ಸಮಯವನ್ನು "ಎಂದಿಗೂ ಇಲ್ಲ" ಎಂದು ಇಟ್ಟಿದ್ದರು, ನಾನು ಅದನ್ನು ಐದು ನಿಮಿಷಕ್ಕೆ ಬದಲಿಸಿದೆ. ಸೋಮವಾರ ಕ್ಯಾಮೆರಾ ಸಿಕ್ಕಿಸಿಯೇ ಬಿಟ್ಟು ಹೋದೆ. ಶುಕ್ರವಾರ ರಾತ್ರಿ ಕೀ ಹಾಕುವ ಮೊದಲೇ ಬಾನೆಟ್ ಎತ್ತಿ ಅಳೆದಾಗ 12.5 ವೋಲ್ಟ್ ಇತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕಾರ್ಡಿನಲ್ಲಿ ಸೋಮವಾರದ ಕೊನೆಯ ಫೈಲ್ 6.36ರದು.

ಆದರೆ ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ನಿನ್ನೆ ಮೂರು ಸಲ ಓಡಿಸಿ ತಂದು, ಏನನ್ನೂ ಕಳಚದೆ ಫ್ಯೂಸಿನ ನೆತ್ತಿಯಲ್ಲಿ ಅಳೆದೆ. ಎರಡು ಸಲ 0.0 ಬಂತು, ಒಂದು ಸಲ ಮುಕ್ಕಾಲು ಗಂಟೆ ಕಳೆದರೂ 1.4 ಇತ್ತು. ಆ ಮೂರನೆಯ ಸಲ ಕೀ ತೆಗೆಯುವಾಗ ಪರದೆಯಲ್ಲಿ ಕ್ಯಾಮೆರಾದ ಆ್ಯಪ್ ತೆರೆದಿತ್ತು. ಅದು ತೆರೆದಿದ್ದರೆ ಸ್ಟೀರಿಯೊ ಮಲಗುವುದಿಲ್ಲವೇ?

ವೈರಿಂಗ್ ಕೆಲಸದವನು, ಬದಿಯಡ್ಕ (ಬೆಳಿಗ್ಗೆ 11.00)

ಇರಬಹುದು. ಒಂದು ಸಲ ಕಂಡದ್ದರಿಂದ ಹೇಳಲಾಗದು. ಆ್ಯಪ್ ತೆರೆದಿಟ್ಟು ಮೂರು ಸಲ, ಮುಚ್ಚಿ ಮೂರು ಸಲ ಅಳೆದು ಬರೆಯಿರಿ.

ಉಪ್ಪಳ ಜೀಪು (ಬೆಳಿಗ್ಗೆ 11.25)

ಆ್ಯಪ್ ಇರಲಾರದು ಎಂದು ನನಗೆ ತೋರುತ್ತದೆ. ಬ್ಲೂಟೂತಿನಲ್ಲಿ ಫೋನ್ ಸೇರಿಕೊಂಡಿದ್ದರೂ ಕೆಲವು ಸ್ಟೀರಿಯೊ ಮಲಗುವುದಿಲ್ಲ. ಅಳೆಯುವಾಗ ಫೋನ್ ನಿಮ್ಮ ಕಿಸೆಯಲ್ಲಿಯೇ ಇತ್ತಲ್ಲವೇ?

ನೀರ್ಚಾಲಿನವನು (ಬೆಳಿಗ್ಗೆ 11.40)

ಹೌದು, ಮೂರೂ ಸಲ ಕಿಸೆಯಲ್ಲಿತ್ತು. ಮುಂದಿನ ಶನಿವಾರ ಫೋನನ್ನು ಮನೆಯೊಳಗೆ ಆಫ್ ಮಾಡಿಟ್ಟು ಮತ್ತೆ ಅಳೆಯುತ್ತೇನೆ. ಅಲ್ಲಿಯವರೆಗೆ ಸೋಮವಾರ ಕಾರು ನಿಲ್ಲಿಸುವಾಗ ಕ್ಯಾಮೆರಾದ ಯುಎಸ್‌ಬಿಯನ್ನು ಕೈಯಾರೆ ಎಳೆದೇ ಹೋಗುತ್ತೇನೆ.